ವರ್ಷಕ್ಕೆ 1.6 ಸೆಂಟಿಮೀಟರ್ ಬೆಳೆದ ಹುಡುಗಿ: ಎತ್ತರದ ಅಳತೆಯ ಒಂದು ಪ್ರಕರಣ

ಜಯನಗರದ ಮಕ್ಕಳ ಕ್ಲಿನಿಕ್ ಒಂದರಲ್ಲಿ ಎತ್ತರ, ತೂಕದ ಅಳತೆ ತೆಗೆಯುವುದು ನನ್ನ ಕೆಲಸ. 2024ರ ಜುಲೈನಲ್ಲಿ ಗಿರಿನಗರದಿಂದ ಬಂದ ಒಂಬತ್ತು ವರ್ಷ ಮೂರು ತಿಂಗಳ ಹುಡುಗಿಯೊಬ್ಬಳ ಪ್ರಕರಣ ಇದು. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಅಳತೆಗಳನ್ನು ಮಾತ್ರ ಇದ್ದ ಹಾಗೆಯೇ ಕೊಟ್ಟಿದ್ದೇನೆ.

ಹುಡುಗಿಯ ತಂದೆಯ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಹಿಂದಿನ ವರ್ಷ ಶಾಲೆಯಲ್ಲಿ ನಡೆದ ಆರೋಗ್ಯ ತಪಾಸಣೆಯ ಕಾರ್ಡು: 15-07-2023, ಎತ್ತರ 127 ಸೆಂ.ಮೀ. ಇನ್ನೊಂದು, ಮನೆ ಹತ್ತಿರದ ವೈದ್ಯರ ಚೀಟಿ: 2024ರ ಜುಲೈ ಎರಡನೆಯ ವಾರ, ಎತ್ತರ 128.6 ಸೆಂ.ಮೀ. ಕಳೆದು ನೋಡಿದರೆ ಒಂದು ವರ್ಷಕ್ಕೆ 1.6 ಸೆಂಟಿಮೀಟರ್ ಬೆಳವಣಿಗೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ನಾಲ್ಕಕ್ಕಿಂತ ಕಡಿಮೆಯಾದರೆ ವೈದ್ಯರು ಕಾರಣ ಹುಡುಕಲು ತೊಡಗುತ್ತಾರೆ. ಆ ವೈದ್ಯರು ಮಾಡಿದ್ದೂ ಅದನ್ನೇ. ಎಡಗೈ ಮೂಳೆಯ ವಯಸ್ಸು ನೋಡುವ ಎಕ್ಸ್‌ರೇ, ಥೈರಾಯ್ಡ್ ಪರೀಕ್ಷೆ, ಅದಾದ ಮೇಲೆ ಬೇಕಾದರೆ ಬೆಳವಣಿಗೆ ಹಾರ್ಮೋನಿನ ಪರೀಕ್ಷೆ ಎಂದು ಬರೆದು ನಮ್ಮಲ್ಲಿಗೆ ಕಳಿಸಿದ್ದರು. ಈ ಕೊನೆಯ ಪರೀಕ್ಷೆಗೆ ಮಗುವನ್ನು ಖಾಲಿ ಹೊಟ್ಟೆಯಲ್ಲಿ ಕರೆತಂದು, ಔಷಧ ಕೊಟ್ಟು, ಒಂದೆರಡು ಗಂಟೆಗಳ ಉದ್ದಕ್ಕೂ ಹಲವು ಸಲ ರಕ್ತ ತೆಗೆಯಬೇಕಾಗುತ್ತದೆ. ಅವರ ಕೈಯಲ್ಲಿದ್ದ ಅಂಕಿಗಳನ್ನು ನೋಡಿದರೆ ಆ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ.

ಜೊತೆಗೆ ಬಂದಿದ್ದ ಅಜ್ಜಿಗೆ ಮಾತ್ರ ಇದು ಒಪ್ಪಿಗೆಯಾಗಿರಲಿಲ್ಲ. “ಹೋದ ದೀಪಾವಳಿಗೆ ಹೊಲಿಸಿದ ಲಂಗ ಈಗ ಮೊಣಕಾಲಿನ ಕೆಳಗೆ ಬರುವುದೇ ಇಲ್ಲ. ಬೆಳೆದಿಲ್ಲ ಎಂದರೆ ಹೇಗೆ ನಂಬಲಿ ಮೇಡಂ?” ಎಂದರು. ಲಂಗದ ಸಾಕ್ಷ್ಯವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬಟ್ಟೆಯ ಅಳತೆ ಒರಟು ನಿಜ, ಆದರೆ ಅದು ಯಾವ ವೈದ್ಯರ ಚೀಟಿಯನ್ನೂ ಓದಿಕೊಂಡು ಬಂದಿರುವುದಿಲ್ಲ.

ನನ್ನನ್ನು ಮೊದಲು ತಡೆದದ್ದು ಕಾರ್ಡಿನಲ್ಲಿದ್ದ ‘127’. ದಶಮಾಂಶವೇ ಇಲ್ಲ. ಅದೇ ಶಾಲೆಯಲ್ಲಿ ಓದುವ ತಂಗಿಯ ಕಾರ್ಡೂ ತಂದೆಯ ಚೀಲದಲ್ಲಿತ್ತು, ಅದರಲ್ಲೂ ಪೂರ್ಣಾಂಕವೇ. ಅಳತೆಗೋಲಿನ ಮಿಲಿಮೀಟರ್ ಗೆರೆಗಳನ್ನು ಓದದೆ ಹತ್ತಿರದ ಸೆಂಟಿಮೀಟರಿಗೆ ಬರೆದುಕೊಂಡಿದ್ದಾರೆ ಎಂದರೆ, ಒಂದೇ ಬೆಳಗಿನಲ್ಲಿ ನೂರಾರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಮುಗಿಸಿದ ಕೆಲಸ ಎಂದರ್ಥ. ಅಂಥ ಸಾಲಿನಲ್ಲಿ ಯಾರೂ ಶೂ ಬಿಚ್ಚಿಸುವುದಿಲ್ಲ.

ಮೊದಲು ಸರಿಯಾದ ಅಳತೆ

ಹಳೆಯ ಅಂಕಿಗಳನ್ನು ಅನುಮಾನಿಸುವ ಮುನ್ನ ಇಂದಿನ ಎತ್ತರ ಎಷ್ಟು ಎಂಬುದು ಖಚಿತವಾಗಬೇಕು. ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತು. ಎತ್ತರ ಅಳೆಯುವ ನಮ್ಮ ಉಪಕರಣವಾದ ಸ್ಟೇಡಿಯೋಮೀಟರನ್ನು ದಿನದ ಆರಂಭದಲ್ಲಿ ಒಂದು ಮೀಟರ್ ಉದ್ದದ ಲೋಹದ ಕೋಲು ನಿಲ್ಲಿಸಿ ಸರಿನೋಡಿ ಆಗಿತ್ತು. ಹುಡುಗಿಯ ಶೂ ಮತ್ತು ಕಾಲುಚೀಲ ಬಿಚ್ಚಿಸಿದೆ. ಜಡೆ ಬಿಚ್ಚಿಸಿ, ನೆತ್ತಿಯ ಮೇಲಿದ್ದ ಎರಡು ಕ್ಲಿಪ್ಪುಗಳನ್ನು ತೆಗೆಸಿದೆ. ಹಿಮ್ಮಡಿಗಳು ಹಿಂಬದಿಯ ಹಲಗೆಗೆ ತಾಗಿದವು. ಭಾರ ಎರಡೂ ಕಾಲಿನ ಮೇಲೆ ಸಮನಾಗಿ ಬಿತ್ತು. ಪೃಷ್ಠ ಮತ್ತು ಹೆಗಲ ಮೂಳೆಗಳು ಹಲಗೆಗೆ ತಾಗಿದವು, ಕೈಗಳು ಸಡಿಲವಾಗಿ ಪಕ್ಕಕ್ಕೆ ಇಳಿಬಿದ್ದವು. ಇಷ್ಟನ್ನು ಯಾರಾದರೂ ಮಾಡಿಸುತ್ತಾರೆ. ಕಷ್ಟ ಇರುವುದು ಕುತ್ತಿಗೆಯ ಮೇಲಿನ ಭಾಗದಲ್ಲಿ.

ತಲೆಯನ್ನು ನಿಲ್ಲಿಸಲು ನಾವು ಬಳಸುವುದು ಕಣ್ಣು-ಕಿವಿಯ ಗೆರೆ. ಕಣ್ಣುಗುಳಿಯ ಮೂಳೆಯ ಕೆಳ ಅಂಚು ಒಂದು ಬಿಂದು, ಕಿವಿಯ ರಂಧ್ರದ ಮೇಲಂಚು ಇನ್ನೊಂದು ಬಿಂದು. ಪಕ್ಕದಿಂದ ನೋಡಿದಾಗ ಇವೆರಡನ್ನೂ ಸೇರಿಸುವ ಗೆರೆ ನೆಲಕ್ಕೆ ಸಮಾಂತರವಾಗಿರಬೇಕು. ಪುಸ್ತಕಗಳಲ್ಲಿ ಇದಕ್ಕೆ ಫ್ರಾಂಕ್‌ಫರ್ಟ್ ಸಮತಲ ಎಂಬ ಹೆಸರು. ಜರ್ಮನಿಯ ಮಾನವಶಾಸ್ತ್ರಜ್ಞರು 1880ರ ದಶಕದಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಒಪ್ಪಿಕೊಂಡ ಗೆರೆ ಇದು. ಬೇರೆ ಬೇರೆ ಊರಿನ ಸಂಗ್ರಹಗಳಲ್ಲಿದ್ದ ತಲೆಬುರುಡೆಗಳನ್ನು ಒಂದೇ ರೀತಿಯಲ್ಲಿ ಇಟ್ಟು ಹೋಲಿಸಲು ಅವರಿಗೆ ಒಂದು ಒಪ್ಪಂದ ಬೇಕಿತ್ತು. ಸತ್ತವರ ಬುರುಡೆಗಾಗಿ ಹುಟ್ಟಿದ ನಿಯಮ ಈಗ ಜೀವಂತ ಮಕ್ಕಳ ಎತ್ತರಕ್ಕೆ ನಿತ್ಯ ಬಳಕೆಯಾಗುತ್ತಿದೆ.

ಕಣ್ಣುಗುಳಿಯ ಕೆಳ ಅಂಚನ್ನು ಕಣ್ಣಿನಿಂದ ನೋಡಿ ಊಹಿಸುವುದಕ್ಕಿಂತ ಬೆರಳಿನಿಂದ ಮುಟ್ಟಿ ತಿಳಿಯುವುದು ಮೇಲು. ಕೆಳರೆಪ್ಪೆಯ ಕೆಳಗೆ ತೋರುಬೆರಳನ್ನು ಮೆಲ್ಲಗೆ ಇಟ್ಟರೆ ಮೂಳೆಯ ಏಣು ಸಿಗುತ್ತದೆ. ಕಿವಿಯ ಕಡೆಯ ಬಿಂದುವಿಗೆ, ರಂಧ್ರದ ಮುಂದೆ ಬಾಗಿಲಿನಂತೆ ಚಾಚಿರುವ ಪುಟ್ಟ ಮೃದ್ವಸ್ಥಿಯ ಮೇಲ್ತುದಿಯಲ್ಲಿರುವ ತಗ್ಗನ್ನು ಹಿಡಿದರೆ ಸಾಕು. ಅನೇಕರು ಕಣ್ಣಿನ ಹೊರಮೂಲೆಯನ್ನೇ ಮೊದಲ ಬಿಂದುವಾಗಿ ಹಿಡಿಯುತ್ತಾರೆ, ಏಕೆಂದರೆ ಅದು ಸುಲಭವಾಗಿ ಕಾಣುತ್ತದೆ. ಹೊರಮೂಲೆ ಇರುವುದು ಕಣ್ಣುಗುಳಿಯ ಅಂಚಿಗಿಂತ ಮೇಲೆ. ಅದನ್ನು ಕಿವಿಯ ರಂಧ್ರದ ಮಟ್ಟಕ್ಕೆ ತರಬೇಕೆಂದರೆ ಮಗು ಏಳೆಂಟು ಡಿಗ್ರಿಯಷ್ಟು ತಲೆ ಬಗ್ಗಿಸಬೇಕಾಗುತ್ತದೆ. ಅಳೆಯುವವರು ಗೆರೆ ಸರಿಯಾಗಿದೆ ಎಂದುಕೊಂಡಿರುತ್ತಾರೆ, ಗದ್ದ ಆಗಲೇ ಕೆಳಗಿಳಿದಿರುತ್ತದೆ.

ಇನ್ನೊಂದು ತೊಡಕು ಹಿಂದಲೆಯದು. “ತಲೆ ಗೋಡೆಗೆ ತಾಗಿಸು” ಎಂಬ ಸೂಚನೆಯನ್ನು ನಾನು ಹೇಳುವುದೇ ಇಲ್ಲ. ಪೃಷ್ಠ ತುಂಬಿಕೊಂಡಿರುವ ಮಕ್ಕಳಲ್ಲಿ, ಬೆನ್ನಿನ ಮೇಲ್ಭಾಗ ಸ್ವಲ್ಪ ದುಂಡಗಿರುವವರಲ್ಲಿ, ಕಣ್ಣು-ಕಿವಿಯ ಗೆರೆ ಸಮವಾಗಿರುವಾಗ ಹಿಂದಲೆಗೂ ಹಲಗೆಗೂ ನಡುವೆ ಒಂದೆರಡು ಬೆರಳಿನ ಜಾಗ ಉಳಿಯುವುದು ಸಹಜ. ಆ ಜಾಗವನ್ನು ಮುಚ್ಚು ಎಂದರೆ ಮಗುವಿಗೆ ಗೊತ್ತಿರುವುದು ಒಂದೇ ದಾರಿ: ಗದ್ದ ಮೇಲೆತ್ತಿ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುವುದು. ಗೋಡೆ ಮತ್ತು ಗೆರೆ ಎರಡರಲ್ಲಿ ಒಂದನ್ನು ಬಿಡಲೇಬೇಕಾದಾಗ ಬಿಡಬೇಕಾದದ್ದು ಗೋಡೆಯನ್ನು. ಈ ಹುಡುಗಿಯಲ್ಲೂ ಅಂಥ ಜಾಗ ಇತ್ತು. ಅದನ್ನು ಹಾಗೆಯೇ ಬಿಟ್ಟೆ.

ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗದ್ದವನ್ನು ಹಗುರವಾಗಿ ಹಿಡಿದು ತಲೆ ಅಲುಗದಂತೆ ನೋಡಿಕೊಂಡೆ. “ಪುಟ್ಟಿ, ಎದುರಿನ ಗೋಡೆಯಲ್ಲಿರುವ ಆನೆಯ ಚಿತ್ರ ನೋಡು, ದೀರ್ಘವಾಗಿ ಉಸಿರು ಎಳೆದುಕೋ” ಎಂದೆ. ಉಸಿರು ತುಂಬಿಕೊಂಡಾಗ ಬೆನ್ನು ತಾನಾಗಿ ನೇರವಾಗುತ್ತದೆ. ಆ ಕ್ಷಣದಲ್ಲಿ ತಲೆಹಲಗೆಯನ್ನು ಕೂದಲು ಒತ್ತಿಕೊಳ್ಳುವಷ್ಟು ಬಿಗಿಯಾಗಿ ಇಳಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿದೆ. ಕೆಳಗಿನಿಂದ ಓದಿದರೆ ಒಂದು ಅಂಕಿ, ಮೇಲಿನಿಂದ ಓದಿದರೆ ಇನ್ನೊಂದು ಅಂಕಿ ಕಾಣುತ್ತದೆ. ಹುಡುಗಿಯನ್ನು ಪ್ರತಿ ಸಲವೂ ಪೂರ್ತಿ ಕೆಳಗಿಳಿಸಿ ಮತ್ತೆ ನಿಲ್ಲಿಸಿ ಮೂರು ಸಲ ಅಳೆದೆ. ನಿಂತ ಜಾಗದಲ್ಲೇ ಹಲಗೆಯನ್ನು ಮೂರು ಸಲ ಎತ್ತಿ ಇಳಿಸಿದರೆ ಅದು ಮೂರು ಅಳತೆಯಾಗುವುದಿಲ್ಲ, ಮೊದಲ ಭಂಗಿಯ ತಪ್ಪೇ ಮೂರು ಸಲ ಬರುತ್ತದೆ. ಸಿಕ್ಕಿದ್ದು 129.8, 130.0, 129.9. ಕಡತಕ್ಕೆ ಬರೆದದ್ದು 129.9.

ಹಾಗಾದರೆ ವಾರದ ಹಿಂದೆ ವೈದ್ಯರಲ್ಲಿ ಸಿಕ್ಕಿದ್ದಕ್ಕಿಂತ 1.3 ಸೆಂಟಿಮೀಟರ್ ಹೆಚ್ಚು. ವಾರದಲ್ಲಿ ಯಾವ ಮಗುವೂ ಹೀಗೆ ಬೆಳೆಯುವುದಿಲ್ಲ.

ಕಳೆದುಹೋದ 1.3

ಆ ದಿನ ಏನಾಯಿತು ಎಂದು ತಂದೆಯನ್ನು ಕೇಳಿದೆ. ಶೂ ಬಿಚ್ಚಿಸಿದ್ದರು, ಅದು ಸರಿ. ಜಡೆ ಕುತ್ತಿಗೆಯ ಹತ್ತಿರ ಇತ್ತು, ಅದರಿಂದ ತೊಂದರೆ ಇಲ್ಲ. ಹೋಗಿದ್ದು ಸಂಜೆ ಏಳು ಗಂಟೆಗೆ, ಶಾಲೆ ಮುಗಿಸಿ, ಭರತನಾಟ್ಯದ ತರಗತಿಯನ್ನೂ ಮುಗಿಸಿಕೊಂಡು. ಹುಡುಗಿಗೆ ಸುಸ್ತಾಗಿತ್ತು, ಹಸಿವೂ ಆಗಿತ್ತು. “ನೆಟ್ಟಗೆ ನಿಂತುಕೋ ಎಂದು ನಾನೇ ಎರಡು ಸಲ ಗದರಿದೆ” ಎಂದರು ತಂದೆ.

ಸಂಜೆಯ ಎತ್ತರ ಬೆಳಗಿನದಕ್ಕಿಂತ ಕಡಿಮೆ ಇರುವುದು ಎಲ್ಲರಲ್ಲೂ ಇದ್ದದ್ದೇ. ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತವೆ, ಹಗಲು ದೇಹದ ಭಾರಕ್ಕೆ ಒತ್ತಿಕೊಂಡು ತೆಳ್ಳಗಾಗುತ್ತವೆ. ಮಕ್ಕಳಲ್ಲಿ ಇದು ಅರ್ಧ ಸೆಂಟಿಮೀಟರಿನಿಂದ ಒಂದಕ್ಕೂ ಸ್ವಲ್ಪ ಹೆಚ್ಚಿನವರೆಗೆ ಇರುತ್ತದೆ. ಅದರ ಬಹುಪಾಲು ಎದ್ದ ಮೊದಲ ಕೆಲವು ಗಂಟೆಗಳಲ್ಲೇ ನಡೆದುಹೋಗುವುದರಿಂದ ಬೆಳಗಿನ ಹನ್ನೊಂದಕ್ಕೂ ಸಂಜೆಯ ಏಳಕ್ಕೂ ಇರುವ ಅಂತರ ದೊಡ್ಡದಾಗಿರಲಾರದು. 1.3 ಅನ್ನು ಇದೊಂದರ ಮೇಲೆ ಹೊರಿಸಲು ನನಗೆ ಮನಸ್ಸು ಬರಲಿಲ್ಲ.

ಅವಳಿಗೆ ಏನೂ ಹೇಳದೆ, ನಿನಗೆ ಬೇಕಾದ ಹಾಗೆ ನಿಲ್ಲು ಎಂದೆ. ಒಂದು ಮೊಣಕಾಲು ಸ್ವಲ್ಪ ಮಡಿಸಿದಳು, ಹೊಟ್ಟೆ ಮುಂದಕ್ಕೆ ಬಂತು, ಭುಜಗಳು ದುಂಡಗಾದವು, ನೋಟ ತನ್ನ ಕಾಲ್ಬೆರಳಿನ ಮೇಲೆ ಬಿತ್ತು. ಹಲಗೆ ಇಳಿಸಿದೆ: 129.0. ಮೈಯನ್ನು ಸರಿಯಾಗಿ ನಿಲ್ಲಿಸಿ ಗದ್ದವನ್ನು ಮಾತ್ರ ಇಳಿಬಿಡಿಸಿದಾಗ 129.6. ಅಂದರೆ ಜೋತುಬಿದ್ದು ನಿಲ್ಲುವುದರಿಂದ ಅವಳು ಕಳೆದುಕೊಳ್ಳುತ್ತಿದ್ದ 0.9ರಲ್ಲಿ ತಲೆಯ ಪಾಲು 0.3, ಉಳಿದದ್ದು ಬೆನ್ನು ಮತ್ತು ಮೊಣಕಾಲಿನದು. ಇದಕ್ಕೆ ಸಂಜೆಯ ಕುಗ್ಗುವಿಕೆ ಸೇರಿದರೆ 1.3ರ ಲೆಕ್ಕ ಬಹುಮಟ್ಟಿಗೆ ಮುಗಿಯುತ್ತದೆ.

ಗದರುವುದರಿಂದ ಬೆನ್ನು ನೇರವಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. “ನೆಟ್ಟಗೆ ನಿಲ್ಲು” ಎಂದ ಕೂಡಲೇ ಮಕ್ಕಳು ಕವಾಯತಿನ ಭಂಗಿಗೆ ಬರುತ್ತಾರೆ: ಎದೆ ಉಬ್ಬಿಸಿ, ಸೊಂಟವನ್ನು ಒಳಕ್ಕೆ ಬಾಗಿಸಿ, ಗದ್ದ ಎತ್ತಿ ನಿಲ್ಲುತ್ತಾರೆ. ಸೊಂಟದ ಬಾಗು ಹೆಚ್ಚಾದರೆ ಅಲ್ಲಿಯೂ ಎತ್ತರ ಸೋರಿಹೋಗುತ್ತದೆ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಹಿಂದಕ್ಕೆ ಒತ್ತಿದರೆ ಸೊಂಟದ ಬಾಗು ಇಳಿಯುತ್ತದೆ, ಮಗು ತನ್ನ ಪೂರ್ತಿ ಎತ್ತರಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಕ್ರಮದಲ್ಲೂ ಹೇಳಿರುವುದು ಇದನ್ನೇ.

ಶನಿವಾರದ ಶೂ

ಇಷ್ಟಾದ ಮೇಲೂ ಬೆಳವಣಿಗೆ 129.9ರಿಂದ 127 ಕಳೆದರೆ ಬರುವ 2.9 ಮಾತ್ರ. ಇನ್ನೂ ಕಡಿಮೆಯೇ. ಈಗ ಶಾಲೆಯ ಕಾರ್ಡಿನ ಸರದಿ.

ಶೂ ಹಾಕಿಕೊಂಡೇ ಅಳೆದರು ಎಂದು ಹುಡುಗಿ ಖಚಿತವಾಗಿ ಹೇಳಿದಳು. ತಂದೆ ತಕ್ಷಣ ಕಪ್ಪು ಶೂಗಳ ಹಿಮ್ಮಡಿಯನ್ನು ತೋರಿಸಿ “ಇದು ಮೂರು ಸೆಂಟಿಮೀಟರ್ ಇರಬಹುದು, ಅಲ್ಲಿಗೆ ಲೆಕ್ಕ ಸರಿಹೋಯಿತಲ್ಲ” ಎಂದರು. ಅಷ್ಟು ಬೇಗ ಸರಿಹೋಗುವುದಿಲ್ಲ. ಹೊರಗಿನಿಂದ ಕಾಣುವ ಹಿಮ್ಮಡಿಯ ಎತ್ತರವೇ ಬೇರೆ, ಪಾದ ನಿಜವಾಗಿ ನೆಲದಿಂದ ಎಷ್ಟು ಮೇಲಿರುತ್ತದೆ ಎಂಬುದೇ ಬೇರೆ. ಅನೇಕ ಶೂಗಳಲ್ಲಿ ಅಟ್ಟೆಯ ಅಂಚು ಮೇಲಕ್ಕೆ ಬಂದಿರುತ್ತದೆ, ಒಳಗೆ ಪಾದ ಕೂರುವ ಜಾಗ ಅದಕ್ಕಿಂತ ತಗ್ಗಿನಲ್ಲಿರುತ್ತದೆ. ಒಳಮೆತ್ತೆಯೂ ಭಾರಕ್ಕೆ ಒತ್ತಿಕೊಳ್ಳುತ್ತದೆ. ಶೂ ಎಷ್ಟು ಸೇರಿಸುತ್ತದೆ ಎಂದು ತಿಳಿಯುವ ವಿಧಾನ ಒಂದೇ: ಅದನ್ನು ಹಾಕಿಕೊಂಡು ಒಮ್ಮೆ, ಬಿಚ್ಚಿ ಒಮ್ಮೆ ಅಳೆಯುವುದು. ಕಪ್ಪು ಶೂ ಹಾಕಿಸಿ ಅಳೆದಾಗ 132.3 ಬಂತು, ಅಂದರೆ 2.4 ಹೆಚ್ಚು.

ಆಗ ಅಜ್ಜಿ ಕಾರ್ಡನ್ನು ಕೈಗೆ ತೆಗೆದುಕೊಂಡು ತಾರೀಕು ನೋಡಿದರು. “ಜುಲೈ ಹದಿನೈದು ಯಾವ ವಾರ?” ಮೊಬೈಲಿನಲ್ಲಿ ಹಿಂದಿನ ವರ್ಷದ ಕ್ಯಾಲೆಂಡರ್ ತೆರೆದರೆ ಶನಿವಾರ. ನಮ್ಮಲ್ಲಿನ ಬಹಳಷ್ಟು ಶಾಲೆಗಳಂತೆ ಆ ಶಾಲೆಯಲ್ಲೂ ಶನಿವಾರ ಬಿಳಿ ಸಮವಸ್ತ್ರ, ಬಿಳಿ ಕ್ಯಾನ್ವಾಸ್ ಶೂ. ಕಪ್ಪು ಶೂವಿನ 2.4 ಅಲ್ಲಿಗೆ ಬಿದ್ದುಹೋಯಿತು.

ಬಿಳಿ ಶೂ ತರಲು ತಂದೆ ಮನೆಗೆ ಹೋದರು. ಹಿಂದಿನ ವರ್ಷದ ಜೊತೆಯನ್ನು ತಂಗಿಗೆಂದು ಎತ್ತಿಟ್ಟಿದ್ದರು, ಈ ವರ್ಷದ್ದೂ ಅದೇ ಕಂಪನಿಯದು. ಹಳೆಯದು ಈಗ ಕಾಲಿಗೆ ಹಿಡಿಸುವುದಿಲ್ಲ. ಎರಡರ ಅಟ್ಟೆಯನ್ನೂ ಹಿಮ್ಮಡಿಯ ಒಳಗಿನಿಂದ ಹೊರಕ್ಕೆ ದಪ್ಪ ಅಳೆದು ನೋಡಿದಾಗ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಹೊಸದನ್ನು ಹಾಕಿಸಿ ಅಳೆದೆ: 131.4. ಬಿಳಿ ಶೂ ಸೇರಿಸುವುದು 1.5.

ಶನಿವಾರವೆಂದ ಮೇಲೆ ಅಜ್ಜಿಗೆ ಮತ್ತೊಂದು ನೆನಪಾಯಿತು. ಹುಡುಗಿಗೆ ಎಣ್ಣೆ ಹಚ್ಚಿ ತಲೆಸ್ನಾನ ಮಾಡಿಸುವುದು ಶುಕ್ರವಾರ. ಮರುದಿನ ಕೂದಲು ಹಾರಾಡುತ್ತದೆ, ಎರಡು ಜಡೆಗೆ ಒಗ್ಗುವುದಿಲ್ಲ. ಹಾಗಾಗಿ ಶನಿವಾರ ಮಾತ್ರ ನೆತ್ತಿಯ ಹತ್ತಿರ ಎತ್ತಿ ಕಟ್ಟಿದ ಒಂದು ಜುಟ್ಟು. ಎರಡು ಜಡೆ ಹಾಕಿದ್ದರೆ ನಾನು ಕೂದಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವು ಕಿವಿಯ ಹಿಂದಿನಿಂದ ಹೊರಡುತ್ತವೆ, ತಲೆಹಲಗೆಗೆ ಸಿಗುವುದಿಲ್ಲ. ಎತ್ತರದ ಜುಟ್ಟಿನ ಕತೆ ಹಾಗಲ್ಲ. ರಬ್ಬರ್ ಬ್ಯಾಂಡ್ ಸುತ್ತಿದ ಬುಡ ಗಟ್ಟಿಯಾದ ಗಂಟಾಗಿ ನೆತ್ತಿಯ ತುಸು ಹಿಂದೆ ನಿಂತಿರುತ್ತದೆ.

ಅಜ್ಜಿಯೇ ತಮ್ಮ ಕೈಯಿಂದ ಆ ಜುಟ್ಟನ್ನು ಕಟ್ಟಿದರು. ಬರಿಗಾಲಿನಲ್ಲಿ ನಿಲ್ಲಿಸಿ ಹಲಗೆಯನ್ನು ಹಗುರವಾಗಿ ಇಟ್ಟಾಗ 131.2, ಬಲವಾಗಿ ಒತ್ತಿದಾಗ 130.7. ಒಂದೇ ಜುಟ್ಟು, ಒತ್ತಡ ಬದಲಾದರೆ ಅರ್ಧ ಸೆಂಟಿಮೀಟರ್ ಆಚೀಚೆ. ಕೂದಲಿನ ತೊಂದರೆ ಇರುವುದೇ ಇಲ್ಲಿ. ಶೂ ಸೇರಿಸುವ ತಪ್ಪು ಗಟ್ಟಿಯಾದದ್ದು, ಎಷ್ಟೆಂದು ಗೊತ್ತಾದರೆ ಕಳೆಯಬಹುದು. ಕೂದಲಿನ ತಪ್ಪು ಅಳೆಯುವವರ ಕೈಬಲದ ಜೊತೆ ಬದಲಾಗುವುದರಿಂದ ಇಷ್ಟೇ ಎಂದು ಕಳೆಯಲು ಬರುವುದಿಲ್ಲ. ದೇವರಿಗೆ ಮುಡಿ ಹರಕೆ ಹೊತ್ತು ಕೂದಲು ಬಿಟ್ಟ ಪುಟ್ಟ ಮಕ್ಕಳೂ ನಮ್ಮಲ್ಲಿಗೆ ಬರುತ್ತಾರೆ. ಕಟ್ಟಿದ್ದನ್ನು ಬಿಚ್ಚಲು ಮನೆಯವರು ಒಪ್ಪದಿದ್ದರೆ ಅಂದಾಜಿನಲ್ಲಿ ಕಳೆಯುವ ಬದಲು “ಕೂದಲು ಕಟ್ಟಿದೆ” ಎಂದು ಅಂಕಿಯ ಪಕ್ಕದಲ್ಲೇ ಬರೆಯುತ್ತೇನೆ.

ಉಳಿದದ್ದು ತಲೆ. ಶಾಲೆಯಲ್ಲಿ ಹೇಗೆ ನಿಂತಿದ್ದೆ ತೋರಿಸು ಎಂದಾಗ ಹುಡುಗಿ ಹಿಂದಲೆಯನ್ನು ಹಲಗೆಗೆ ಒತ್ತಿ, ಗದ್ದ ಎತ್ತಿ, ಕಣ್ಣಂಚಿನಿಂದ ಅಪ್ಪನನ್ನು ನೋಡಿ ನಕ್ಕಳು. ಮಿಸ್ ಹೇಳಿದ್ದು “ತಲೆ ಗೋಡೆಗೆ” ಎಂದೇ ಅಂತೆ, ಗೆಳತಿಗಿಂತ ಉದ್ದ ಕಾಣಬೇಕೆಂಬ ಆಸೆಯೂ ಇತ್ತಂತೆ. ಬರಿಗಾಲು, ಬಿಚ್ಚಿದ ಕೂದಲು, ಗದ್ದ ಮಾತ್ರ ಮೇಲೆ: 130.5. ಹೆಚ್ಚಿದ್ದು 0.6.

ತಲೆ ಚೆಂಡಿನಂತೆ ದುಂಡಗಿದ್ದು, ಅದರ ನಟ್ಟನಡುವೆ ಕೀಲಿದ್ದಿದ್ದರೆ ಗದ್ದ ಎತ್ತಿದರೂ ಇಳಿಸಿದರೂ ಎತ್ತರ ಬದಲಾಗುತ್ತಿರಲಿಲ್ಲ. ತಲೆ ಮುಂದಿನಿಂದ ಹಿಂದಕ್ಕೆ ಉದ್ದವಾಗಿದೆ. ಅದು ತಿರುಗುವ ಕೀಲು ಬುರುಡೆಯ ತಳದಲ್ಲಿ, ಹೆಚ್ಚುಕಡಿಮೆ ಕಿವಿಗಳ ನೇರಕ್ಕೆ ಇದೆ. ಗದ್ದ ಎತ್ತಿದಾಗ ಹಣೆಯ ಮೇಲ್ಭಾಗ ಏರುತ್ತದೆ, ನೆತ್ತಿಯ ಹಿಂಭಾಗ ಇಳಿಯುತ್ತದೆ, ತಲೆಹಲಗೆ ನೆತ್ತಿಯನ್ನು ಬಿಟ್ಟು ಮುಂದಿನ ಕೂದಲಂಚಿನ ಹತ್ತಿರದ ಬೇರೊಂದು ಬಿಂದುವಿನ ಮೇಲೆ ಕೂರುತ್ತದೆ. ಆ ಬಿಂದು ಕೀಲಿನಿಂದ ಎಷ್ಟು ದೂರವಿದೆ ಎಂಬುದು ಆಯಾ ತಲೆಯ ಆಕಾರಕ್ಕೆ ಬಿಟ್ಟದ್ದು. ಆದ್ದರಿಂದ ಗದ್ದ ಎತ್ತಿದರೆ ಎಲ್ಲರಲ್ಲೂ ಅಂಕಿ ಏರುತ್ತದೆ ಎಂದು ನಾನು ಹೇಳಲಾರೆ. ಕೆಲವು ಮಕ್ಕಳಲ್ಲಿ ಇಳಿದದ್ದನ್ನೂ ನೋಡಿದ್ದೇನೆ. ಈ ಹುಡುಗಿಯಲ್ಲಿ ಏರುತ್ತಿತ್ತು. ಹಲಗೆ ಎಲ್ಲಿ ತಾಗುತ್ತಿದೆ ಎಂದು ಬೆರಳು ತೂರಿಸಿ ನೋಡುವುದು ಇದನ್ನು ಪತ್ತೆ ಹಚ್ಚುವ ಸುಲಭ ಉಪಾಯ. ಹಣೆಯ ಕೂದಲಂಚಿನ ಬಳಿ ತಾಗುತ್ತಿದ್ದರೆ ಗದ್ದ ಮೇಲಿದೆ ಎಂದು ತಿಳಿಯಬೇಕು.

ತಪ್ಪುಗಳನ್ನು ಕೂಡಲು ಬರುವುದಿಲ್ಲ

ತಂದೆ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವರು. ಚೀಟಿಯ ಹಿಂಬದಿಯಲ್ಲಿ ಆಗಲೇ ಕೂಡಿ ಮುಗಿಸಿದ್ದರು: ಶೂ 1.5, ಜುಟ್ಟು 1.3, ಗದ್ದ 0.6, ಒಟ್ಟು 3.4. 127ರಿಂದ ಕಳೆದರೆ 123.6. ಬೆಳವಣಿಗೆ 6.3 ಸೆಂಟಿಮೀಟರ್. ಅವರ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು.

ನಾನು ಹುಡುಗಿಗೆ ಬಿಳಿ ಶೂ ಹಾಕಿಸಿ, ಜುಟ್ಟು ಕಟ್ಟಿಸಿ, ಗದ್ದ ಎತ್ತಿಸಿ ಮೂರನ್ನೂ ಒಟ್ಟಿಗೆ ಇಟ್ಟು ಅಳೆದೆ. 133.3 ಬರಬೇಕಿತ್ತು, ಬಂದದ್ದು 132.4. ಹೆಚ್ಚಳ 2.5 ಮಾತ್ರ. ಕಾರಣ ಕಣ್ಣಿಗೇ ಕಾಣುತ್ತಿತ್ತು. ಗದ್ದ ಎತ್ತಿದ ಕೂಡಲೇ ನೆತ್ತಿಯ ಹಿಂದಿದ್ದ ಜುಟ್ಟಿನ ಗಂಟು ಹಿಂದಕ್ಕೂ ಕೆಳಕ್ಕೂ ಸರಿದು ಹಲಗೆಯಿಂದ ಬಹುಪಾಲು ತಪ್ಪಿಸಿಕೊಂಡಿತ್ತು. ಒಂದು ತಪ್ಪು ಇನ್ನೊಂದರ ಜಾಗವನ್ನು ತಿಂದಿತ್ತು.

ಹಾಗಾಗಿ ಹಿಂದಿನ ವರ್ಷದ ನಿಜವಾದ ಎತ್ತರ 124.5ರ ಸುತ್ತ ಇದ್ದಿರಬಹುದು ಎನ್ನುವುದು ನನ್ನ ಅಂದಾಜು. ಅಂದಾಜು ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಪೂರ್ಣಾಂಕಕ್ಕೆ ಬರೆದದ್ದರಿಂದ ಅರ್ಧ ಸೆಂಟಿಮೀಟರ್ ಅತ್ತಿತ್ತ ಇರಬಹುದು. ಆ ದಿನ ಜುಟ್ಟಿನ ಗಂಟು ಇನ್ನೂ ಮುಂದಿದ್ದಿರಬಹುದು. ಬೆನ್ನು ಸ್ವಲ್ಪ ಬಾಗಿತ್ತು ಎಂದಾದರೆ ತಪ್ಪು ವಿರುದ್ಧ ದಿಕ್ಕಿಗೆ ತಿರುಗಿ ನಿಜವಾದ ಎತ್ತರ ನನ್ನ ಅಂದಾಜಿಗಿಂತ ಹೆಚ್ಚಾಗುತ್ತದೆ, ಬೆಳವಣಿಗೆ ಕಡಿಮೆಯಾಗುತ್ತದೆ. ಎಲ್ಲವನ್ನೂ ಸೇರಿಸಿ ವರ್ಷದ ಬೆಳವಣಿಗೆ ನಾಲ್ಕರಿಂದ ಆರು ಸೆಂಟಿಮೀಟರಿನ ನಡುವೆ ಎಲ್ಲೋ ಇದೆ ಎನ್ನಬಹುದು, ಅಷ್ಟೇ. ಇದರಿಂದ ಹುಡುಗಿ ಚೆನ್ನಾಗಿ ಬೆಳೆಯುತ್ತಿದ್ದಾಳೆ ಎಂದು ಸಾಬೀತಾಗುವುದಿಲ್ಲ. 1.6 ಎಂಬ ಅಂಕಿಗೆ ಆಧಾರವಿಲ್ಲ ಎಂಬುದು ಮಾತ್ರ ಸಾಬೀತಾಗುತ್ತದೆ.

ಎತ್ತರದ ಅಳತೆಯಲ್ಲಿ ಎರಡೂವರೆ ಸೆಂಟಿಮೀಟರ್ ತಪ್ಪಾದರೆ ಏನು ಮಹಾ ಎಂದು ಕೇಳುವವರಿದ್ದಾರೆ. ನೂರಮೂವತ್ತರಲ್ಲಿ ಅದು ಶೇಕಡ ಎರಡು, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಬೆಳವಣಿಗೆಯ ವೇಗ ಎನ್ನುವುದು ಎರಡು ಎತ್ತರಗಳ ವ್ಯತ್ಯಾಸ. ಐದು ಸೆಂಟಿಮೀಟರಿನ ವ್ಯತ್ಯಾಸದಲ್ಲಿ ಎರಡೂವರೆ ಎಂದರೆ ಅರ್ಧ. ಇಲ್ಲಿ ಒಂದು ತುದಿ ಶೂ, ಜುಟ್ಟು, ಗದ್ದದಿಂದ ಮೇಲಕ್ಕೆ ಹೋಗಿತ್ತು. ಇನ್ನೊಂದು ತುದಿ ಸುಸ್ತು, ಬಾಗಿದ ಬೆನ್ನಿನಿಂದ ಕೆಳಗೆ ಬಂದಿತ್ತು. ಎರಡೂ ಒಂದೇ ಕಡೆಗೆ ತಪ್ಪಾಗಿದ್ದರೆ ಒಂದನ್ನೊಂದು ಮುಚ್ಚಿಕೊಂಡು, ಈ ಹುಡುಗಿ ನಮ್ಮಲ್ಲಿಗೆ ಬರುತ್ತಲೇ ಇರಲಿಲ್ಲ.

ವೈದ್ಯರ ತೀರ್ಮಾನ

ನಮ್ಮ ವೈದ್ಯರು ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಹೊರತಂದ ಬೆಳವಣಿಗೆ ನಕ್ಷೆಯಲ್ಲಿ 129.9 ಅನ್ನು ಗುರುತಿಸಿದರು. ಆ ವಯಸ್ಸಿನ ಹುಡುಗಿಯರ ನಡುಗೆರೆಯ ಹತ್ತಿರ ಬಿತ್ತು. ಕಾರ್ಡಿನ 127 ಅನ್ನು ಹಾಗೆಯೇ ಇಟ್ಟರೆ ಅದು ಹಿಂದಿನ ವರ್ಷದ ನಡುಗೆರೆಗಿಂತ ಸಾಕಷ್ಟು ಮೇಲೆ ಕೂರುತ್ತಿತ್ತು. ಮೇಲಿನಿಂದ ನಡುವಿಗೆ ಜಾರಿದಂತೆ ಕಂಡದ್ದು ಇದರಿಂದಲೇ.

ತಂದೆತಾಯಿಯ ಎತ್ತರವನ್ನೂ ಕೇಳುವುದು ವಾಡಿಕೆ. ತಂದೆ 170 ಎಂದರು, ಅದು ಅವರ ಯಾವುದೋ ಗುರುತಿನ ಪತ್ರದಲ್ಲಿದ್ದ ಅಂಕಿ. ಗೆರೆ ಸರಿಮಾಡಿ ಅಳೆದಾಗ 168. ಗಂಡಸರು ತಮ್ಮ ಎತ್ತರವನ್ನು ಶೂ ಸಮೇತ ನೆನಪಿಟ್ಟುಕೊಂಡಿರುತ್ತಾರೆ ಎನ್ನುವುದು ಈ ಕೆಲಸದಲ್ಲಿ ಬಂದ ತಿಳಿವಳಿಕೆ. ತಾಯಿ ಮುಂದಿನ ವಾರ ಬಂದಾಗ ಅಳೆದದ್ದು 157. ಹೆಣ್ಣುಮಗುವಾದರೆ ತಂದೆಯ ಎತ್ತರದಿಂದ 13 ಕಳೆದು ತಾಯಿಯದರೊಂದಿಗೆ ಸರಾಸರಿ ತೆಗೆಯುತ್ತಾರೆ. ಮಗಳು ದೊಡ್ಡವಳಾದಾಗ ನಿರೀಕ್ಷಿಸಬಹುದಾದ ಎತ್ತರ ಹೀಗೆ ಸಿಗುತ್ತದೆ, ಬಂದದ್ದು 156. ಮಗಳು ನಡುಗೆರೆಯ ಹತ್ತಿರ ಇರುವುದಕ್ಕೂ ಇದಕ್ಕೂ ಹೊಂದಿಕೆ ಇದೆ.

ಥೈರಾಯ್ಡ್ ಪರೀಕ್ಷೆ ಒಂದೇ ಸಲ ರಕ್ತ ತೆಗೆಯುವ ಮಾತು, ಅದು ಆಗಲಿ ಎಂದರು ವೈದ್ಯರು. ಅದರಲ್ಲಿ ತೊಂದರೆ ಕಾಣಲಿಲ್ಲ. ಎಕ್ಸ್‌ರೇ ಮತ್ತು ಹಾರ್ಮೋನ್ ಪರೀಕ್ಷೆಯನ್ನು ತಡೆಹಿಡಿದು ಆರು ತಿಂಗಳ ನಂತರ ಬರಲು ಹೇಳಿದರು. ಮೂರು ತಿಂಗಳಿಗೇ ಬರುತ್ತೇವೆ ಎಂದು ತಂದೆ ಅವಸರಪಟ್ಟರು. ಮೂರು ತಿಂಗಳಲ್ಲಿ ನಿರೀಕ್ಷಿಸುವ ಬೆಳವಣಿಗೆ ಒಂದೂಕಾಲು ಸೆಂಟಿಮೀಟರಿನಷ್ಟು. ಎಷ್ಟೇ ಜಾಗ್ರತೆಯಿಂದ ತೆಗೆದರೂ ಎರಡು ಅಳತೆಗಳ ನಡುವೆ ಕೆಲವು ಮಿಲಿಮೀಟರ್ ಅನಿಶ್ಚಿತತೆ ಇದ್ದೇ ಇರುತ್ತದೆ. ಅಷ್ಟು ಚಿಕ್ಕ ವ್ಯತ್ಯಾಸವನ್ನು ವರ್ಷಕ್ಕೆ ಹಿಗ್ಗಿಸಿದರೆ ತಪ್ಪೂ ನಾಲ್ಕು ಪಟ್ಟು ಹಿಗ್ಗುತ್ತದೆ.

2025ರ ಜನವರಿ 18ರಂದು, ಅದೇ ಬೆಳಗಿನ ಹೊತ್ತಿಗೆ, ಅದೇ ಸ್ಟೇಡಿಯೋಮೀಟರಿನಲ್ಲಿ, ಬರಿಗಾಲು, ಬಿಚ್ಚಿದ ಕೂದಲು, ಗದ್ದ ಹಿಡಿದು ಅಳೆದಾಗ 132.4, 132.5, 132.5 ಬಂತು. ಆರು ತಿಂಗಳಲ್ಲಿ 2.6, ವರ್ಷಕ್ಕೆ 5.2ರ ವೇಗ. ವೈದ್ಯರು ಹಾರ್ಮೋನ್ ಪರೀಕ್ಷೆಯ ಸಲಹೆಯನ್ನು ಕಡತದಲ್ಲಿ ಹೊಡೆದುಹಾಕಿದರು. ಜುಲೈನಲ್ಲಿ ಇನ್ನೊಮ್ಮೆ ಅಳೆಸುವಂತೆ ಬರೆದರು, ಏಕೆಂದರೆ ಅಷ್ಟರಲ್ಲಿ ಪ್ರೌಢಾವಸ್ಥೆ ಶುರುವಾದರೆ ವೇಗ ಏರುತ್ತದೆ, ಆಗ ಅಂಕಿಯನ್ನು ಬೇರೆಯೇ ರೀತಿಯಲ್ಲಿ ಓದಬೇಕಾಗುತ್ತದೆ.

ಶಾಲೆಯ 127 ಅನ್ನು ನಕ್ಷೆಯಿಂದ ತೆಗೆದುಹಾಕಲಿಲ್ಲ. ತುಂಬಿದ ಚುಕ್ಕೆಯ ಬದಲು ಬರಿಯ ವೃತ್ತ ಹಾಕಿ, ಪಕ್ಕದಲ್ಲಿ “ಬಿಳಿ ಶೂ, ಜುಟ್ಟು, ಗದ್ದ ಮೇಲೆ, ಪೂರ್ಣಾಂಕ” ಎಂದು ಬರೆದೆವು. ವೈದ್ಯರ ಚೀಟಿಯ 128.6ಕ್ಕೆ “ಬರಿಗಾಲು, ಸಂಜೆ 7, ಬೆನ್ನು ಬಾಗಿತ್ತು” ಎಂಬ ಟಿಪ್ಪಣಿ ಬಂತು. ತಂಗಿಯ ಕಾರ್ಡನ್ನೂ ತಂದೆ ಮುಂದಿಟ್ಟರು. ಆ ಅಂಕಿಯನ್ನು ನಕ್ಷೆಗೆ ಏರಿಸಲೇ ಇಲ್ಲ. ಅವಳ ಕ್ಲಿಪ್ಪುಗಳನ್ನು ತೆಗೆಸಿ, ಶೂ ಬಿಚ್ಚಿಸಿ ಹಲಗೆಯ ಮೇಲೆ ನಿಲ್ಲಿಸಿದೆ.